ಫೋಟೋದಲ್ಲಿ ಜುಟ್ಟು ಕೆಂಪಗಿತ್ತು, ಗೂಡಲ್ಲಿ ಕೋಳಿ ಸಾಯ್ತಿತ್ತು

ನಮ್ಮದು ಮುಧೋಳ ತಾಲೂಕಿನ ಒಂದು ಸಣ್ಣ ಊರು. ಹಿತ್ತಲಲ್ಲಿ ಹನ್ನೆರಡು ಜವಾರಿ ಹ್ಯಾಟೆ, ಒಂದು ಹುಂಜ ಇದ್ದವು. ಈಗ ಏಳು ಹ್ಯಾಟೆ ಉಳಿದಿವೆ. ಐದು ಹೋಗಿದ್ದು ರೋಗದಿಂದ ಅನ್ನೋದು ನಿಜ, ಆದರೆ ಅದರಲ್ಲಿ ಮೂರನ್ನಾದರೂ ನನ್ನ ಮೊಬೈಲ್ ಫೋಟೋ ಕೊಂದಿತು ಅಂತ ನನಗೆ ಅನಿಸುತ್ತೆ. ಕೋಳಿ ಫೋಟೋ ಕಳಿಸಿ "ಏನಾಗಿದೆ ಹೇಳ್ರೀ" ಅಂತ ಕೇಳುವವರು ಇದನ್ನೊಮ್ಮೆ ಓದಿ.

ಏಪ್ರಿಲ್ ಎರಡನೇ ವಾರ. ಬೂದು ಬಣ್ಣದ ಹ್ಯಾಟೆಯೊಂದು ಸಂಜೆ ಎಲ್ಲರಿಗಿಂತ ಮೊದಲು ಗೂಡು ಸೇರಿತು. ಅವ್ವ "ಅದರ ಮುಖದಾಗ ಕಳೆ ಇಲ್ಲ ನೋಡು" ಅಂದಳು. ನಾನು ಗೂಡಿನ ಹಳದಿ ಬಲ್ಬ್ ಹಾಕಿ, ಬಗ್ಗಿ, ಎದುರಿಗೆ ಮೊಬೈಲ್ ಹಿಡಿದು ಎರಡು ಫೋಟೋ ತೆಗೆದೆ. ಪರಿಚಯದವರೊಬ್ಬರು ಕೋಳಿ ಔಷಧ ಮಾರುತ್ತಾರೆ, ಅವರಿಗೆ ವಾಟ್ಸಾಪ್ ಮಾಡಿದೆ. ಐದೇ ನಿಮಿಷದಲ್ಲಿ ಉತ್ತರ ಬಂತು. ಜುಟ್ಟು ಕೆಂಪಗಿದೆ, ಮೈ ತುಂಬಿಕೊಂಡಿದೆ, ಗರಿ ಉದುರಿಸೋ ಕಾಲ ಇರಬೇಕು, ಏನೂ ಚಿಂತೆ ಬೇಡ, ಲಿವರ್ ಟಾನಿಕ್ ನೀರಿಗೆ ಹಾಕಿ. ಟಾನಿಕ್ ಅವರ ಅಂಗಡಿಯಿಂದಲೇ ತಂದೆ. ಅವರನ್ನು ಪೂರ್ತಿ ಬೈಯೋಕೂ ಆಗಲ್ಲ, ನಾನು ಕಳಿಸಿದ ಫೋಟೋ ನೋಡಿದರೆ ಯಾರಾದರೂ ಹಾಗೇ ಹೇಳುತ್ತಿದ್ದರು.

ಭಾನುವಾರ ಫೋಟೋ ಕಳಿಸಿದ್ದು. ಗುರುವಾರ ಬೆಳಿಗ್ಗೆ ಬೂದು ಹ್ಯಾಟೆ ಗೂಡಿನ ಮೂಲೆಯಲ್ಲಿ ಸತ್ತು ಬಿದ್ದಿತ್ತು. ಶನಿವಾರದ ಹೊತ್ತಿಗೆ ಇನ್ನೊಂದು. ಮಧ್ಯೆ ಮೂರು ಕೋಳಿಗಳ ಹಿಕ್ಕೆ ಹಸಿರು ನೀರಿನ ಹಾಗೆ ಆಗಿತ್ತು, ಆದರೆ ನಾನು ಟಾನಿಕ್‌ನ ಬಣ್ಣ ಇರಬೇಕು ಅಂದುಕೊಂಡು ಸುಮ್ನಿದ್ದೆ. ಈಗ ನೆನೆಸಿಕೊಂಡರೆ ನನಗೇ ನಗು ಬರುತ್ತೆ, ಸಿಟ್ಟೂ ಬರುತ್ತೆ.

ಸೋಮವಾರ ಒಂದು ಕೋಳಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ದನದ ದವಾಖಾನೆಗೆ ಹೋದೆ. ಡಾಕ್ಟರಮ್ಮ ಮೊದಲು ಕೇಳಿದ್ದು ರಾಣಿಖೇತ್ ಲಸಿಕೆ ಹಾಕಿಸಿದ್ದೀರಾ ಅಂತ. ಹಾಕಿಸಿದ್ದೆ. ಕತ್ತು ತಿರುಚುತ್ತಿದೆಯಾ, ಗೊರಗೊರ ಅನ್ನುತ್ತಿದೆಯಾ ಅಂತ ಕೇಳಿದರು. ಅದೂ ಇರಲಿಲ್ಲ. ಹಸಿರು ಹಿಕ್ಕೆ ರಾಣಿಖೇತ್‌ನಲ್ಲೂ ಬರುತ್ತೆ, ಅದಕ್ಕೇ ಅಷ್ಟು ಕೇಳಿದ್ದು. ಆಮೇಲೆ ಅವರು ಕೋಳಿಯ ಕೆಳರೆಪ್ಪೆ ಎಳೆದು ತೋರಿಸಿದರು, ಒಳಗೆ ಬಿಳಿಚಿಕೊಂಡಿತ್ತು. ಕೊಕ್ಕು ಬಿಡಿಸಿದರು, ಬಾಯೊಳಗೂ ರಕ್ತದ ಕಳೆಯೇ ಇಲ್ಲ. ನನ್ನ ಕೈ ಹಿಡಿದು ಅದರ ಎದೆ ಮೇಲೆ ಇಟ್ಟರು. ಎದೆ ಮೂಳೆ ಕುಡುಗೋಲಿನ ಅಂಚಿನ ಹಾಗೆ ಕೈಗೆ ತಗುಲಿತು. ಕೊನೆಗೆ ರೆಕ್ಕೆ ಎತ್ತಿದರು. ಕೆಳಗೆ ಚರ್ಮಕ್ಕೆ ಅಂಟಿಕೊಂಡು ಸಾಸಿವೆ ಕಾಳಿನ ಹಾಗೆ ನೀಲಿ ಕಪ್ಪು ಚುಕ್ಕಿಗಳು. "ಇವು ಉಣ್ಣಿ ಮರಿ. ದೊಡ್ಡವು ಗೂಡಿನಲ್ಲಿ ಇವೆ, ಹಗಲು ಕಾಣೋದಿಲ್ಲ. ರಾತ್ರಿ ಹತ್ತರ ಮೇಲೆ ಟಾರ್ಚ್ ಹಿಡಿದು ನೋಡಿ" ಅಂದರು.

ನೋಡಿದೆ. ಗೂಡು ಮಣ್ಣಿನ ಗೋಡೆಯದು, ಮೇಲೆ ತಗಡು, ಒಳಗೆ ಕೋಳಿ ಕೂರೋಕೆ ಹಳೆ ಬೇವಿನ ಕಟ್ಟಿಗೆ. ಟಾರ್ಚ್ ಬಿಟ್ಟ ಕೂಡಲೇ ಗೋಡೆಯ ಬಿರುಕಿನಿಂದ ಸಣ್ಣ ಕಲ್ಲಂಗಡಿ ಬೀಜದಂಥವು ಓಡಾಡುತ್ತಿದ್ದವು. ಚಪ್ಪಟೆ, ಬೂದುಗಂದು, ತೊಗಲಿನಂತೆ ಸುಕ್ಕು ಸುಕ್ಕು. ರಕ್ತ ಕುಡಿದವು ಉಬ್ಬಿ ನೀಲಿಗಟ್ಟಿದ್ದವು. ಕಟ್ಟಿಗೆಯ ತೊಗಟೆ ಕಿತ್ತರೆ ಅದರ ಕೆಳಗೆ ಸಾಲು ಸಾಲು. ಕೋಳಿಗಳು ಮಲಗಿದ ಮೇಲೆ ಇವು ಬಂದು ಅರ್ಧ ಗಂಟೆ, ಒಂದು ಗಂಟೆ ಕುಡಿದು ವಾಪಸ್ ಬಿರುಕಿಗೆ ಹೋಗುತ್ತವೆ. ಬೆಳಿಗ್ಗೆ ಕೋಳಿ ಮೈ ಮೇಲೆ ಹುಡುಕಿದರೆ ಮರಿಗಳು ಬಿಟ್ಟು ಏನೂ ಸಿಗಲ್ಲ. ರಕ್ತ ಹೀರುವುದು ಒಂದು ತೊಂದರೆ, ಇದೇ ಉಣ್ಣಿ ಇನ್ನೊಂದು ಜ್ವರವನ್ನೂ ಹರಡುತ್ತೆ, ಹಸಿರು ಹಿಕ್ಕೆ ಅದರದೇ ಇರಬೇಕು ಅಂದರು ಡಾಕ್ಟರಮ್ಮ. ನಮ್ಮ ಕಡೆಯ ಒಣ ಬಿಸಿಲಿನ ಸೀಮೆಗೆ ಈ ಉಣ್ಣಿ ಹೇಳಿ ಮಾಡಿಸಿದ ಹಾಗಿದೆ.

ಈಗ ಫೋಟೋ ವಿಷಯಕ್ಕೆ ಬರುತ್ತೇನೆ. ದವಾಖಾನೆಯಿಂದ ಬಂದ ಮೇಲೆ ನಾನು ಆ ಎರಡು ಫೋಟೋ ಮತ್ತೆ ತೆಗೆದು ನೋಡಿದೆ. ನಿಜವಾಗಿಯೂ ಜುಟ್ಟು ಕೆಂಪಗಿದೆ. ಮಾರನೇ ದಿನ ಸಂಜೆ, ಬಿಳಿಚಿಕೊಂಡಿದ್ದ ಇನ್ನೊಂದು ಹ್ಯಾಟೆಯನ್ನು ಅದೇ ಬಲ್ಬ್ ಕೆಳಗೆ ನಿಲ್ಲಿಸಿ, ಪಕ್ಕದಲ್ಲಿ ಮಗಳ ನೋಟ್‌ಬುಕ್‌ನ ಒಂದು ಬಿಳಿ ಹಾಳೆ ಇಟ್ಟು ಫೋಟೋ ತೆಗೆದೆ. ಹಾಳೆ ಬೆಲ್ಲದ ಬಣ್ಣಕ್ಕೆ ಬಂದಿತ್ತು! ಹಾಳೆಗೇ ಹಾಗಾದರೆ ಮಾಸಲು ಗುಲಾಬಿ ಜುಟ್ಟು ಕೆಂಪಗೆ ಕಾಣದೆ ಇನ್ನೇನಾಗುತ್ತೆ? ಸಾಲದ್ದಕ್ಕೆ ನನ್ನ ಮೊಬೈಲ್‌ನಲ್ಲಿ ಫೋಟೋ ಚಂದ ಮಾಡೋ ಸೆಟ್ಟಿಂಗ್ ಆನ್ ಇತ್ತು, ಅದು ಕೆಂಪು, ಹಸಿರು ಎಲ್ಲ ಬಣ್ಣವನ್ನೂ ಗಾಢ ಮಾಡುತ್ತೆ. ಅದೇ ಕೋಳಿಯನ್ನು ಬೆಳಿಗ್ಗೆ ಏಳೂವರೆಗೆ, ಮನೆ ನೆರಳಿನಲ್ಲಿ, ಹಾಳೆ ಬಿಳಿಯಾಗಿಯೇ ಬರೋ ಬೆಳಕಲ್ಲಿ ತೆಗೆದಾಗ ಜುಟ್ಟು ಒಣಗಿದ ಗುಲಾಬಿ ಎಸಳಿನ ಬಣ್ಣ. ಒಂದೇ ಕೋಳಿ, ಹನ್ನೆರಡು ಗಂಟೆ ಅಂತರ.

ಇದು ಉಲ್ಟಾನೂ ಆಗುತ್ತೆ. ಪಕ್ಕದ ಮನೆಯವರು ನೀಲಿ ತಾಡಪಾಲಿನ ಕೆಳಗೆ ಕೋಳಿ ಫೋಟೋ ತೆಗೆದು, ಜುಟ್ಟು ನೇರಳೆ ಆಗಿದೆ, ಹಕ್ಕಿ ಜ್ವರ ಬಂತು ಅಂತ ಗಾಬರಿಯಾಗಿ ಓಡಿ ಬಂದಿದ್ದರು. ತಾಡಪಾಲು ಸರಿಸಿ ನೋಡಿದರೆ ಜುಟ್ಟು ಗಟ್ಟಿ ಕೆಂಪು. ಹಾಗಂತ ಹೊರಗಿನ ಬೆಳಕಲ್ಲೂ ಜುಟ್ಟು ನೇರಳೆ, ನೀಲಿ ಕಂಡರೆ ಅದು ತಮಾಷೆ ಅಲ್ಲ, ಫೋಟೋ ತೆಗೆಯುತ್ತಾ ಕೂರದೆ ಕೂಡಲೇ ದವಾಖಾನೆಗೆ ತಿಳಿಸಬೇಕು. ಕಡಕ್‌ನಾಥ್ ಸಾಕಿದವರಿಗೆ ಮಾತ್ರ ಈ ಲೆಕ್ಕ ನಡೆಯಲ್ಲ, ಅದರ ಜುಟ್ಟು ಹುಟ್ಟಾ ಕಪ್ಪು.

ಬಣ್ಣ ಸರಿಯಾಗಿ ಬಂದರೂ ಅಷ್ಟರಿಂದಲೇ ತೀರ್ಮಾನ ಮಾಡೋಕಾಗಲ್ಲ. ಜುಟ್ಟು ಮಾಸಿದ ಮಾತ್ರಕ್ಕೆ ರೋಗ ಅಲ್ಲ. ಕಾವಿಗೆ ಕೂತ ಹ್ಯಾಟೆ, ಗರಿ ಉದುರಿಸುತ್ತಿರೋ ಹ್ಯಾಟೆ, ಇನ್ನೂ ಮೊಟ್ಟೆಗೆ ಬರದ ಮರಿ ಹ್ಯಾಟೆ, ಎಲ್ಲದರ ಜುಟ್ಟೂ ಸಣ್ಣದಾಗಿ ಮಾಸಲಾಗೇ ಇರುತ್ತೆ. ಆದರೆ ಅವು ಕಾಳು ಹಾಕಿದರೆ ಓಡಿ ಬರುತ್ತವೆ, ಕಾವಿನ ಕೋಳಿಯಂತೂ ಹತ್ತಿರ ಹೋದರೆ ಕುಕ್ಕೋಕೆ ಬರುತ್ತೆ. ಬೂದು ಹ್ಯಾಟೆ ಜೋಳ ಹಾಕಿದಾಗ ಒಂದು ಕಾಳು ಕುಕ್ಕಿ ಕಣ್ಣು ಮುಚ್ಚಿಕೊಂಡಿತ್ತು. ಅದು ಫೋಟೋದಲ್ಲಿ ಎಲ್ಲಿ ಬರುತ್ತೆ?

ಗರಿ ವಿಷಯದಲ್ಲೂ ನಾನು, ಆ ಔಷಧ ಮಾರುವವರು ಇಬ್ಬರೂ ಮೋಸ ಹೋದೆವು. ಗರಿ ಉದುರಿಸೋ ಕಾಲದಲ್ಲಿ ಸಾಮಾನ್ಯವಾಗಿ ತಲೆ, ಕುತ್ತಿಗೆಯಿಂದ ಶುರುವಾಗಿ ಕೆಳಗೆ ಇಳಿಯುತ್ತೆ, ಎಡಬಲ ಹೆಚ್ಚು ಕಡಿಮೆ ಒಂದೇ ಥರ ಇರುತ್ತೆ, ಉದುರಿದ ಜಾಗದಲ್ಲಿ ಮುಳ್ಳಿನ ಹಾಗೆ ಹೊಸ ಗರಿ ಸಾಲಾಗಿ ಚುಚ್ಚಿಕೊಂಡು ಬರುತ್ತಿರುತ್ತೆ. ಬೂದು ಹ್ಯಾಟೆಯಲ್ಲಿ ಒಂದೂ ಮುಳ್ಳು ಇರಲಿಲ್ಲ. ಗರಿ ಉದುರಿರಲಿಲ್ಲ, ಬರೀ ಕೆದರಿಕೊಂಡಿತ್ತು. ಇನ್ನೊಂದು ಮಜಾ ನೋಡಿ: ಹುಷಾರಿಲ್ಲದ ಕೋಳಿ ಗರಿ ಉಬ್ಬಿಸಿ ಕೂರುತ್ತೆ, ಎದುರಿಂದ ಫೋಟೋ ತೆಗೆದರೆ ದುಂಡಗೆ ಕಾಣುತ್ತೆ. "ಮೈ ತುಂಬಿಕೊಂಡಿದೆ" ಅಂತ ಅವರು ಹೇಳಿದ್ದು ಆ ಉಬ್ಬಿದ ಗರಿಯನ್ನು ನೋಡಿ. ಒಳಗಿನ ಎದೆ ಮೂಳೆ ಕೈಗೆ ಮಾತ್ರ ಗೊತ್ತಾಗೋದು.

ನಿಲುವು ಇನ್ನೂ ಕಷ್ಟ. ನಾವು ಹತ್ತಿರ ಹೋದರೆ ಕೋಳಿ ಹುಷಾರಿಲ್ಲದಿದ್ದರೂ ಸ್ವಲ್ಪ ಹೊತ್ತು ಕತ್ತೆತ್ತಿ ನಿಲ್ಲುತ್ತೆ. ಸೊರಗಿದ್ದು ಗೊತ್ತಾದರೆ ಬೆಕ್ಕು, ಹದ್ದು ಬಿಡಲ್ಲ, ಅದು ಅವುಗಳ ಹುಟ್ಟುಗುಣ. ನಾನು ಬಗ್ಗಿ ಮೊಬೈಲ್ ಹಿಡಿದ ಕೂಡಲೇ ಬೂದು ಹ್ಯಾಟೆ ಕತ್ತು ನೆಟ್ಟಗೆ ಮಾಡಿತ್ತು, ನಾನು ಅದೇ ಕ್ಷಣ ಕ್ಲಿಕ್ ಮಾಡಿದೆ. ಒಂದು ನಿಮಿಷ ಮೊದಲು ಅದು ಕತ್ತು ಮೈಯೊಳಗೆ ಎಳೆದುಕೊಂಡು, ಬಾಲ ಕೆಳಗೆ ಬಿಟ್ಟುಕೊಂಡು ಕೂತಿತ್ತು. ಇನ್ನೊಂದು ಕಡೆ, ಮೇ ತಿಂಗಳ ಮಧ್ಯಾಹ್ನ ಬಾಗಲಕೋಟೆ ಬಿಸಿಲಲ್ಲಿ ರೆಕ್ಕೆ ಬಿಟ್ಟು ಬಾಯಿ ತೆರೆದು ಏದುಸಿರು ಬಿಡೋ ಕೋಳಿ ರೋಗದ್ದೇ ಆಗಬೇಕಿಲ್ಲ, ಸೆಕೆಗೆ ಎಲ್ಲವೂ ಹಾಗೇ ಮಾಡುತ್ತವೆ. ಗುಂಪಲ್ಲಿ ಒಂದೇ ಹಾಗೆ ಮಾಡುತ್ತಿದೆಯಾ, ಎಲ್ಲವೂ ಮಾಡುತ್ತಿವೆಯಾ ಅನ್ನೋದು ಮುಖ್ಯ.

ಅದಕ್ಕೇ ನಾನು ಈಗ ಕಳಿಸಲೇಬೇಕು ಅಂದರೆ ಹೀಗೆ ಕಳಿಸುತ್ತೇನೆ. ಬೆಳಿಗ್ಗೆ ಹೊತ್ತು, ನೆರಳಲ್ಲಿ, ಫ್ಲ್ಯಾಶ್ ಇಲ್ಲದೆ, ಕೋಳಿ ಕಣ್ಣಿನ ಮಟ್ಟಕ್ಕೆ ಕೂತು ಪಕ್ಕದಿಂದ ಒಂದು ಫೋಟೋ. ಚೌಕಟ್ಟಿನಲ್ಲಿ ಬಿಳಿ ಹಾಳೆ ಮತ್ತು ಚೆನ್ನಾಗಿರೋ ಇನ್ನೊಂದು ಕೋಳಿ ಇರಲೇಬೇಕು. ಹಾಳೆ ಹಳದಿ ಬಂದರೆ ಆ ಫೋಟೋ ಅಳಿಸಿಬಿಡಿ. ಅದಕ್ಕೂ ಮೊದಲು ದೂರದಿಂದ, ಬಾಗಿಲ ಮರೆಯಿಂದ, ಕೋಳಿಗೆ ಗೊತ್ತಾಗದ ಹಾಗೆ ಅರ್ಧ ನಿಮಿಷ ವಿಡಿಯೋ. ಆಮೇಲೆ ರೆಪ್ಪೆಯ ಒಳಭಾಗ, ರೆಕ್ಕೆಯ ಕೆಳಗೆ, ಹಿಕ್ಕೆ, ಇವುಗಳದ್ದು ಒಂದೊಂದು. ಎದೆ ಮೂಳೆ ಹೇಗೆ ತಗುಲಿತು ಅಂತ ಬರೆದು ಕಳಿಸಬೇಕು. ಇಷ್ಟು ಮಾಡೋ ಹೊತ್ತಿಗೆ ಅರ್ಧ ಉತ್ತರ ನಿಮಗೇ ಸಿಕ್ಕಿರುತ್ತೆ, ನನಗೆ ಹಾಗೇ ಆಯಿತು.

ಹಸಿರು ಹಿಕ್ಕೆ ಹಾಕುತ್ತಿದ್ದ ಮೂರಕ್ಕೂ ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟರು. ಆದರೂ ಉಳಿಯಲಿಲ್ಲ, ಆ ಎರಡು ಸೇರಿ ಒಟ್ಟು ಐದು. ನಾಲ್ಕು ದಿನ ಮೊದಲೇ ಬಂದಿದ್ದರೆ ಅಂತ ಅವರು ಹೇಳಲಿಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಗೂಡಿನ ಕೆಲಸ ನಾನೇ ಮಾಡಿದೆ. ಕೋಳಿಗಳನ್ನು ವಾರ ಹೊರಗೆ ಬುಟ್ಟಿ ಕೆಳಗೆ ಮಲಗಿಸಿದೆ. ಬೇವಿನ ಕಟ್ಟಿಗೆ ಸುಟ್ಟೆ, ತೊಗಟೆ ಇಲ್ಲದ ನುಣುಪು ಗಳ ತಂದು ಗೋಡೆಗೆ ತಾಗದಂತೆ ತಂತಿಯಲ್ಲಿ ತೂಗುಹಾಕಿದೆ. ಡಾಕ್ಟರಮ್ಮ ಬರೆದುಕೊಟ್ಟ ಔಷಧವನ್ನು ಅವರು ಹೇಳಿದಷ್ಟೇ ನೀರಿಗೆ ಬೆರೆಸಿ ಖಾಲಿ ಗೂಡಿನ ಬಿರುಕಿಗೆ ಹೊಡೆದೆ, ಒಣಗಿದ ಮೇಲೆ ಬಿರುಕು ಮುಚ್ಚಿ ಸುಣ್ಣ ಬಳಿದೆ. ಗೂಡು ಕೆಲವು ತಿಂಗಳು ಖಾಲಿ ಬಿಟ್ಟರೆ ಸಾಯುತ್ತವೆ ಅಂದುಕೊಳ್ಳಬೇಡಿ. ಈ ಉಣ್ಣಿ ರಕ್ತ ಸಿಗದೆ ವರ್ಷಕ್ಕೂ ಜಾಸ್ತಿ ಬಿರುಕಿನಲ್ಲೇ ಕಾಯುತ್ತೆ.

ನಿನ್ನೆ ರಾತ್ರಿ ಟಾರ್ಚ್ ಹಿಡಿದು ಮತ್ತೆ ನೋಡಿದೆ. ಗೋಡೆಯಲ್ಲಿ ಏನೂ ಇರಲಿಲ್ಲ. ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಎರಡು ಸಿಕ್ಕವು.