ಗ್ರಾಫಿಕ್ಸ್ ಕಾರ್ಡ್ ಮೊದಲೋ, ಪ್ರೊಸೆಸರ್ ಮೊದಲೋ: ಎರಡಕ್ಕೂ ಹಣ ಕೊಟ್ಟವನ ಹೋಲಿಕೆ

ಇಪ್ಪತ್ತಾರು ಸಾವಿರ ಕೊಟ್ಟು ತಂದ ಗ್ರಾಫಿಕ್ಸ್ ಕಾರ್ಡ್ ನನಗೆ ಸೆಕೆಂಡಿಗೆ ನಾಲ್ಕು ಫ್ರೇಮ್ ಹೆಚ್ಚಿಸಿಕೊಟ್ಟಿತು. ಆರು ತಿಂಗಳ ನಂತರ ಹತ್ತು ಸಾವಿರದೊಳಗೆ ಸಿಕ್ಕ ಪ್ರೊಸೆಸರ್ ಇಪ್ಪತ್ತೇಳು ಫ್ರೇಮ್ ಹೆಚ್ಚಿಸಿತು. ಹಾಗಾಗಿ ನನ್ನ ಒಲವು ಪ್ರೊಸೆಸರ್ ಕಡೆಗೇ ಇದೆ.

ನನ್ನ ಬಳಿ ಇದ್ದದ್ದು ಬಿ450 ಮದರ್‌ಬೋರ್ಡ್, ರೈಜೆನ್ 5 2600, ಜಿಟಿಎಕ್ಸ್ 1660 ಸೂಪರ್ ಮತ್ತು ಫುಲ್ ಎಚ್‌ಡಿ ಮಾನಿಟರ್. ಸೈಬರ್‌ಪಂಕ್ 2077ರ ಜನನಿಬಿಡ ಮಾರುಕಟ್ಟೆಯಲ್ಲಿ ಮಧ್ಯಮ ಗುಣಮಟ್ಟದಲ್ಲಿ 51 ಫ್ರೇಮ್ ಬರುತ್ತಿತ್ತು. ಆರ್‌ಟಿಎಕ್ಸ್ 3060 ಹಾಕಿದ ಮೇಲೆ ಅದೇ ಬೀದಿಯಲ್ಲಿ 55. ಕಾರ್ಡ್ ಕೆಟ್ಟಿದೆಯೆಂದು ಅಂಗಡಿಗೆ ಒಯ್ದೆ. ಅಲ್ಲಿ ಪರೀಕ್ಷಿಸಿ, ಏನೂ ಕೆಟ್ಟಿಲ್ಲವೆಂದು ಹಿಂದಿರುಗಿಸಿದರು.

ನಿಜವಾದ ಅಡಚಣೆ ಕಾಣಲು ನನಗೆ ಇಷ್ಟು ದಿನ ಹಿಡಿದದ್ದಕ್ಕೆ ಕಾರಣ ಟಾಸ್ಕ್ ಮ್ಯಾನೇಜರ್‌ನ ಒಂದು ಅಂಕಿ. ಪ್ರೊಸೆಸರ್ ಬಳಕೆ ಸುಮಾರು 50% ಎಂದು ತೋರಿಸುತ್ತಿತ್ತು. ಅರ್ಧ ಖಾಲಿಯಿದೆ ಎಂದು ನಂಬಿದ್ದೆ. ಆದರೆ ಅದು ಹನ್ನೆರಡು ಥ್ರೆಡ್‌ಗಳ ಸರಾಸರಿ. ಆಟದ ಮುಖ್ಯ ಕೆಲಸ ಒಂದೆರಡು ಥ್ರೆಡ್‌ಗಳ ಮೇಲೆಯೇ ಬೀಳುತ್ತದೆ. ಅವು ಉಸಿರುಗಟ್ಟಿದರೂ ಉಳಿದವು ಸುಮ್ಮನಿರುವುದರಿಂದ ಸರಾಸರಿ ಸೌಮ್ಯವಾಗಿ ಕಾಣುತ್ತದೆ. ಗ್ರಾಫ್ ಮೇಲೆ ಬಲ ಕ್ಲಿಕ್ ಮಾಡಿ Logical processors ಆರಿಸಿದರೆ ಪ್ರತಿ ಥ್ರೆಡ್ ಬೇರೆಯಾಗಿ ಕಾಣುತ್ತದೆ. ಅದಕ್ಕಿಂತಲೂ ನಂಬಬೇಕಾದದ್ದು ಗ್ರಾಫಿಕ್ಸ್ ಕಾರ್ಡಿನ ಬಳಕೆ. ನನ್ನಲ್ಲಿ ಅದು 64% ಇತ್ತು. ಅಂದರೆ ಕಾರ್ಡ್ ಮುಂದಿನ ಚಿತ್ರದ ಆದೇಶಕ್ಕಾಗಿ ಕಾಯುತ್ತಾ ಕುಳಿತಿತ್ತು.

ಖಚಿತಪಡಿಸಿಕೊಳ್ಳಲು ರೆಸಲ್ಯೂಶನ್ ಅನ್ನು 1280x720ಕ್ಕೆ ಇಳಿಸಿದೆ. ಕಾರ್ಡಿನ ಹೊರೆ ಅರ್ಧಕ್ಕಿಂತ ಕಡಿಮೆಯಾದರೂ ಫ್ರೇಮ್ 56ರಿಂದ ಮೇಲೇರಲಿಲ್ಲ. ತದ್ವಿರುದ್ಧವಾಗಿ Crowd Density ತಗ್ಗಿಸಿದೊಡನೆ ಏರಿತು, ಏಕೆಂದರೆ ಬೀದಿಯ ಜನರನ್ನು ನಡೆಸುವುದು ಪ್ರೊಸೆಸರ್. ಈ ಪರೀಕ್ಷೆಗೆ ಮುನ್ನ ವಿ-ಸಿಂಕ್ ಮತ್ತು ಫ್ರೇಮ್ ಮಿತಿ ಎರಡನ್ನೂ ತೆಗೆದಿರಬೇಕು. 60ಕ್ಕೆ ಕಟ್ಟಿಹಾಕಿದ ಆಟದಲ್ಲಿ ಕಾರ್ಡ್ ಬಿಡುವಾಗಿರುವುದು ಸಹಜ, ಅದರಲ್ಲಿ ಪ್ರೊಸೆಸರ್ ತಪ್ಪೇನೂ ಇಲ್ಲ.

ರೈಜೆನ್ 5 5600 ತಂದೆ. ಅದೇ ಬೀದಿಯಲ್ಲಿ 82 ಫ್ರೇಮ್, ಕಾರ್ಡ್ ಬಳಕೆ 96%. ಕುತೂಹಲಕ್ಕೆ ಹಳೆಯ 1660 ಸೂಪರ್ ಅನ್ನೇ ಮತ್ತೆ ಹಾಕಿ ನೋಡಿದೆ: 58. ಪ್ರೊಸೆಸರ್ ಒಂದನ್ನೇ ಬದಲಿಸಿದ್ದರೂ ಕಾರ್ಡ್ ಒಂದನ್ನೇ ಬದಲಿಸಿದ್ದಕ್ಕಿಂತ ಹೆಚ್ಚು ಸಿಗುತ್ತಿತ್ತು, ಅದೂ ಅರ್ಧಕ್ಕಿಂತ ಕಡಿಮೆ ಹಣಕ್ಕೆ.

ಆದರೆ ಆ ಬದಲಾವಣೆ ಒಂದು ಭಾನುವಾರವನ್ನೇ ನುಂಗಿತು. ಕೂಲರ್ ತಿರುಪು ಬಿಚ್ಚಿ ನೇರವಾಗಿ ಎಳೆದೆ. ಒಣಗಿದ ಥರ್ಮಲ್ ಪೇಸ್ಟ್ ಅಂಟಿನಂತೆ ಹಿಡಿದಿದ್ದರಿಂದ ಲಿವರ್ ಹಾಕಿದ್ದಂತೆಯೇ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬಂತು. ಎಎಂ4ರಲ್ಲಿ ಪಿನ್‌ಗಳಿರುವುದು ಪ್ರೊಸೆಸರ್ ಅಡಿಯಲ್ಲಿ. ಮೂಲೆಯ ಮೂರು ಪಿನ್ ಬಾಗಿದ್ದವು. ಇರಲಿ, ಹಳೆಯದು ತಾನೇ ಎಂದು ಹೊಸದನ್ನು ಕೂರಿಸಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪು. ನನ್ನ ಬೋರ್ಡಿನ ಬಯೋಸ್ 2019ರದು. 5000 ಸರಣಿ ಹುಟ್ಟುವ ಮೊದಲಿನದು. ನನ್ನ ಬೋರ್ಡಿನಲ್ಲಿ ಬಯೋಸ್ ನವೀಕರಿಸಲು ಅದಕ್ಕೆ ಗುರುತಿರುವ ಪ್ರೊಸೆಸರ್ ಬೇಕು, ಅದೋ ಪಿನ್ ಬಾಗಿ ಮೇಜಿನ ಮೇಲೆ ಬಿದ್ದಿತ್ತು. ಟೇಬಲ್ ಲ್ಯಾಂಪಿನ ಕೆಳಗೆ ಬ್ಲೇಡಿನ ತುದಿಯಿಂದ ಒಂದೊಂದೇ ಪಿನ್ ಎತ್ತಿ ಸಾಲಿಗೆ ತಂದು, ಹಳೆಯದನ್ನೇ ಮರಳಿ ಕೂರಿಸಿ, ಪೆನ್ ಡ್ರೈವ್‌ನಿಂದ ಬಯೋಸ್ ಬರೆದ ಮೇಲೆ ರಾತ್ರಿ ಹತ್ತಕ್ಕೆ ಹೊಸದು ಎದ್ದಿತು. ಬೋರ್ಡ್ ತಯಾರಕರ ಪುಟದಲ್ಲಿ ನಿಮ್ಮ ಪ್ರೊಸೆಸರ್‌ಗೆ ಯಾವ ಬಯೋಸ್ ಬೇಕೆಂದು ನೋಡಿ, ಬಿಚ್ಚುವ ಮೊದಲೇ ಅದನ್ನು ಹಾಕಿಕೊಳ್ಳಿ. ಹತ್ತು ನಿಮಿಷ ಆಟ ಓಡಿಸಿ ಪೇಸ್ಟ್ ಬೆಚ್ಚಗಾದ ಮೇಲೆ ಯಂತ್ರ ಆಫ್ ಮಾಡಿ, ಕೂಲರನ್ನು ಎಡಬಲಕ್ಕೆ ತಿರುಚಿ ಬಿಡಿಸಿ.

ಮೂರನೆಯ ಆಯ್ಕೆ ಎಎಂ5 ಬೋರ್ಡಿಗೆ ಹಾರುವುದು. ಅದಕ್ಕೆ ಡಿಡಿಆರ್5 ಮಾತ್ರ ಹೊಂದುತ್ತದೆ, ಹಳೆಯ ರ‍್ಯಾಮ್ ಮೂಲೆಗೆ. ನನ್ನ ಬಜೆಟ್ಟಿಗೆ ಅದು ಹೊರೆ.

ರ‍್ಯಾಮ್ ಒಂದೇ ಕಡ್ಡಿಯಿದ್ದರೆ ಎಲ್ಲಕ್ಕೂ ಮೊದಲು ಜೋಡಿ ಮಾಡಿ. ರೈಜೆನ್‌ಗೆ ಅದು ನೇರ ಲಾಭ.

ನನ್ನ ಕ್ರಮ ಎಲ್ಲರಿಗೂ ಹೊಂದುವುದಿಲ್ಲ. 4ಕೆ ಪರದೆಯಲ್ಲಿ ಆಡುವವರ ಕಾರ್ಡ್ ಸಾಮಾನ್ಯವಾಗಿ 98% ಮುಟ್ಟಿರುತ್ತದೆ; ಅವರು ಕಾರ್ಡಿಗೇ ಹಣ ಹಾಕಬೇಕು. ನಾನು ಫುಲ್ ಎಚ್‌ಡಿಯಲ್ಲಿ, ಜನ ತುಂಬಿದ ಆಟಗಳನ್ನು ಆಡುವವನು. ಮತ್ತೆ ಅದೇ ಹಣ ಕೈಗೆ ಬಂದರೆ ಮೊದಲು 5600, ಕಾರ್ಡ್ ಮುಂದಿನ ವರ್ಷಕ್ಕೆ.