ಶಾರ್ಪ್, ಟ್ರೇನರ್, ಜೆನ್ಸನ್: ಮೂರೇ ಫಂಡ್, ಮೂರು ಬೇರೆ ರ‍್ಯಾಂಕ್ ಪಟ್ಟಿ

ಶಿವಮೊಗ್ಗದಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ನಮ್ಮ ಭಾವನಿಗೆ ಮೂರು ಎಸ್‌ಐಪಿ ಇದ್ದವು. ಒಂದು ಲಾರ್ಜ್ ಕ್ಯಾಪ್, ಒಂದು ಮಿಡ್ ಕ್ಯಾಪ್, ಒಂದು ಫಾರ್ಮಾ ಫಂಡ್. ಮಗಳ ಕಾಲೇಜು ಫೀಸು ಶುರುವಾಗುವ ಹೊತ್ತಿಗೆ ಒಂದು ದಿನ ಫೋನ್ ಮಾಡಿ, "ಇದರಲ್ಲಿ ಒಂದನ್ನ ನಿಲ್ಲಿಸ್ಬೇಕು ಮಾರಾಯ. ಯಾವುದು ಅಂತ ನೀನೇ ಲೆಕ್ಕ ಹಾಕಿ ಹೇಳು" ಅಂದರು. ಫಂಡುಗಳನ್ನು ಅಳೆಯಲು ಶಾರ್ಪ್, ಟ್ರೇನರ್, ಜೆನ್ಸನ್ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು ಕೊಟ್ಟ, ನಾನು ಬಿ.ಕಾಂನಲ್ಲಿ ಓದಿದ್ದ ಸೂತ್ರಗಳನ್ನು ಮತ್ತೆ ಕೆದಕಿದೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಎರಡು ಭಾನುವಾರ ಹೋಯಿತು, ಯಾಕಂದರೆ ಮೂರು ಸೂತ್ರಗಳು ಮೂರು ಬೇರೆ ಉತ್ತರ ಕೊಟ್ಟವು.

ಮೊದಲು ಲೆಕ್ಕ ನೋಡಿ. ಅರ್ಥವಾಗಲು ಸುಲಭವಾಗಲಿ ಅಂತ ಸಂಖ್ಯೆಗಳನ್ನು ರೌಂಡ್ ಮಾಡಿ ಕೊಟ್ಟಿದ್ದೇನೆ. ಎಲ್ಲವೂ ವರ್ಷದ ಲೆಕ್ಕ. ಹೋಲಿಕೆಗೆ ಇಡೀ ಮಾರುಕಟ್ಟೆಯ ಇಂಡೆಕ್ಸನ್ನೂ ಸೇರಿಸಿದ್ದೇನೆ. ರಿಸ್ಕೇ ಇಲ್ಲದೆ ಸಿಗುವ ಬಡ್ಡಿ 6% ಅಂತ ಇಟ್ಟುಕೊಳ್ಳೋಣ. ಸರ್ಕಾರದ 91 ದಿನಗಳ ಟ್ರೆಷರಿ ಬಿಲ್ಲಿನ ತರಹದ್ದು.

| | ರಿಟರ್ನ್ | ಸ್ಟ್ಯಾಂಡರ್ಡ್ ಡೀವಿಯೇಶನ್ | ಬೀಟಾ |
|---|---|---|---|
| ಲಾರ್ಜ್ ಕ್ಯಾಪ್ | 13% | 14% | 0.95 |
| ಮಿಡ್ ಕ್ಯಾಪ್ | 18% | 21% | 1.20 |
| ಫಾರ್ಮಾ | 15% | 24% | 0.75 |
| ಇಂಡೆಕ್ಸ್ | 12% | 14% | 1.00 |

ರಿಟರ್ನಿನಿಂದ 6 ಕಳೆದರೆ ಉಳಿಯುವುದು ಹೆಚ್ಚುವರಿ ರಿಟರ್ನ್. ರಿಸ್ಕ್ ತಗೊಂಡಿದ್ದಕ್ಕೆ ಸಿಕ್ಕಿದ ಕೂಲಿ ಅದು. ಲಾರ್ಜ್ ಕ್ಯಾಪಿಗೆ 7, ಮಿಡ್ ಕ್ಯಾಪಿಗೆ 12, ಫಾರ್ಮಾಗೆ 9, ಇಂಡೆಕ್ಸಿಗೆ 6. ಇಲ್ಲಿಯವರೆಗೆ ಶಾರ್ಪ್‌ಗೂ ಟ್ರೇನರ್‌ಗೂ ಜಗಳ ಇಲ್ಲ. ಈ ಕೂಲಿಯನ್ನು ಯಾವುದರಿಂದ ಭಾಗಿಸಬೇಕು ಅನ್ನುವಲ್ಲಿ ಜಗಳ.

ಶಾರ್ಪ್ ಸ್ಟ್ಯಾಂಡರ್ಡ್ ಡೀವಿಯೇಶನ್ನಿನಿಂದ ಭಾಗಿಸುತ್ತಾನೆ. ಅಂದರೆ ಫಂಡ್ ಎಷ್ಟು ಏರಿಳಿಯುತ್ತದೋ ಆ ಇಡೀ ಏರಿಳಿತ ಲೆಕ್ಕಕ್ಕೆ ಬರುತ್ತದೆ. ಮಿಡ್ ಕ್ಯಾಪ್ 12/21 = 0.57. ಲಾರ್ಜ್ ಕ್ಯಾಪ್ 7/14 = 0.50. ಇಂಡೆಕ್ಸ್ 6/14 = 0.43. ಫಾರ್ಮಾ 9/24 = 0.375, ಕಟ್ಟಕಡೆಗೆ. ಇಂಡೆಕ್ಸಿಗಿಂತಲೂ ಕೆಳಗೆ!

ಟ್ರೇನರ್ ಬೀಟಾದಿಂದ ಭಾಗಿಸುತ್ತಾನೆ. ಮಾರುಕಟ್ಟೆ ಅಲ್ಲಾಡಿದಾಗ ಫಂಡ್ ಎಷ್ಟು ಅಲ್ಲಾಡುತ್ತದೆ ಅನ್ನುವುದಷ್ಟೇ ಅವನಿಗೆ ರಿಸ್ಕ್. ಫಾರ್ಮಾ 9/0.75 = 12. ಮಿಡ್ ಕ್ಯಾಪ್ 12/1.2 = 10. ಲಾರ್ಜ್ ಕ್ಯಾಪ್ 7/0.95 = 7.4. ಇಂಡೆಕ್ಸ್ 6. ಕೊನೆಯ ಬೆಂಚಿನಲ್ಲಿದ್ದ ಫಾರ್ಮಾ ಈಗ ಕ್ಲಾಸಿಗೇ ಫಸ್ಟು.

ಜೆನ್ಸನ್ ಭಾಗಿಸುವುದೇ ಇಲ್ಲ, ಕಳೆಯುತ್ತಾನೆ. ಆ ಬೀಟಾಗೆ ಎಷ್ಟು ಬರಬೇಕಿತ್ತು, ಎಷ್ಟು ಬಂತು ಅಂತ ಕೇಳುತ್ತಾನೆ. ಫಾರ್ಮಾಗೆ ಬರಬೇಕಿದ್ದದ್ದು ಬಡ್ಡಿಯ 6, ಜೊತೆಗೆ ಬೀಟಾದಿಂದ ಗುಣಿಸಿದ ಇಂಡೆಕ್ಸಿನ ಹೆಚ್ಚುವರಿ 6: 6 + 0.75 × 6 = 10.5. ಬಂದದ್ದು 15. ಆಲ್ಫಾ 4.5. ಹೀಗೇ ಮಾಡಿದರೆ ಮಿಡ್ ಕ್ಯಾಪಿಗೆ 4.8, ಲಾರ್ಜ್ ಕ್ಯಾಪಿಗೆ 1.3. ಇಲ್ಲಿ ಮಿಡ್ ಕ್ಯಾಪ್ ಮೊದಲು, ಫಾರ್ಮಾ ಎರಡನೆಯದು. ಜೆನ್ಸನ್ನಿನದೊಂದು ತೊಂದರೆ ಇದೆ. ಆಲ್ಫಾ ಬರೀ ಶೇಕಡಾ ಲೆಕ್ಕ, ಒಂದು ಯೂನಿಟ್ ರಿಸ್ಕಿಗೆ ಎಷ್ಟು ಅನ್ನುವುದಲ್ಲ. ಸಾಲ ತಂದು ಬೀಟಾ ಹೆಚ್ಚಿಸಿಕೊಂಡರೆ ಆಲ್ಫಾನೂ ಹಿಗ್ಗುತ್ತದೆ. ರ‍್ಯಾಂಕ್ ಕೊಡಲು ನನಗೆ ಅದು ಅಷ್ಟು ಹಿಡಿಸಲಿಲ್ಲ, ಹಾಗಾಗಿ ಪಕ್ಕಕ್ಕಿಟ್ಟೆ.

ಉಳಿದದ್ದು ಶಾರ್ಪ್ ಮತ್ತು ಟ್ರೇನರ್. ಟ್ರೇನರ್ ತನ್ನ ಅಳತೆಯನ್ನು 1965ರಲ್ಲಿ ಕೊಟ್ಟ, ಶಾರ್ಪ್ 1966ರಲ್ಲಿ. ಶಾರ್ಪ್ 1954ರಿಂದ 1963ರವರೆಗಿನ 34 ಅಮೆರಿಕನ್ ಫಂಡುಗಳಿಗೆ ತನ್ನ ಅಳತೆ ಹಾಕಿ ನೋಡಿದ. ಜೊತೆಗೆ ಟ್ರೇನರ್ ಅಳತೆಯನ್ನೂ ಹಾಕಿದ. ಎರಡರ ರ‍್ಯಾಂಕೂ ಹೆಚ್ಚುಕಡಿಮೆ ಒಂದೇ ಬಂತು. ಕಾರಣ, ಆ ಫಂಡುಗಳೆಲ್ಲ ಹತ್ತಾರು ಉದ್ಯಮಗಳ ಷೇರು ಇಟ್ಟುಕೊಂಡಿದ್ದವು. ಅಂಥ ಫಂಡಿನ ಏರಿಳಿತವೆಲ್ಲ ಹೆಚ್ಚಾಗಿ ಮಾರುಕಟ್ಟೆಯದ್ದೇ ಆಗಿರುತ್ತದೆ. ಯಾವುದರಿಂದ ಭಾಗಿಸಿದರೂ ಸಾಲು ಬದಲಾಗುವುದಿಲ್ಲ.

ಹಾಗಾದರೆ ನನ್ನ ಪಟ್ಟಿಯಲ್ಲಿ ಯಾಕೆ ತಲೆಕೆಳಗಾಯಿತು? ಫಾರ್ಮಾದ ಬೀಟಾವನ್ನು ಇಂಡೆಕ್ಸಿನ ಡೀವಿಯೇಶನ್ನಿಗೆ ಗುಣಿಸಿ: 0.75 × 14 = 10.5. ಅದರ 24ರಷ್ಟು ಏರಿಳಿತದಲ್ಲಿ ಮಾರುಕಟ್ಟೆಯ ಪಾಲು ಇಷ್ಟೇ. ಡೀವಿಯೇಶನ್ನನ್ನು ಸುಮ್ನೆ ಕೂಡಿ ಕಳೆಯುವ ಹಾಗಿಲ್ಲ, ವರ್ಗ ಮಾಡಬೇಕು. 10.5ರ ವರ್ಗ 110, 24ರ ವರ್ಗ 576. ಭಾಗಿಸಿದರೆ 0.19. ಫಂಡ್ ಕಂಪನಿ ಹೊರಡಿಸುವ ಫ್ಯಾಕ್ಟ್‌ಶೀಟಿನಲ್ಲಿ ಆರ್-ಸ್ಕ್ವೇರ್ ಅಂತ ಕರೆಯುವುದು ಇದನ್ನೇ. ಅಂದರೆ ಏರಿಳಿತದ 19% ಮಾತ್ರ ಮಾರುಕಟ್ಟೆಯದ್ದು. ಮಿಕ್ಕಿದ್ದು ಫಾರ್ಮಾದ್ದೇ ಸ್ವಂತ ಕಷ್ಟ: ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಯಾವುದೋ ಕಾರ್ಖಾನೆಗೆ ಎಚ್ಚರಿಕೆ ಪತ್ರ ಕಳಿಸಿತು, ಜೆನೆರಿಕ್ ಮಾತ್ರೆಗಳ ಬೆಲೆ ಬಿತ್ತು, ಇಂಥವು. ಟ್ರೇನರ್ ಕಣ್ಣಿಗೆ ಇದ್ಯಾವುದೂ ಬೀಳುವುದೇ ಇಲ್ಲ. ಲಾರ್ಜ್ ಕ್ಯಾಪಿಗೆ ಇದೇ ಲೆಕ್ಕ ಮಾಡಿದರೆ 0.90 ಬರುತ್ತದೆ. ಅದಕ್ಕೆ ಎರಡು ಅಳತೆಗಳೂ ಸರಿಸುಮಾರು ಒಂದೇ ಕಥೆ ಹೇಳುತ್ತವೆ.

ಇಷ್ಟು ಗೊತ್ತಾದ ಮೇಲೆ "ಹಾಗಾದ್ರೆ ಶಾರ್ಪೇ ಸರಿ, ಫಾರ್ಮಾ ನಿಲ್ಲಿಸಿ ಭಾವ" ಅಂತ ಹೇಳಿಬಿಡುವವನಿದ್ದೆ. ಆದರೆ ಒಂದು ಪರೀಕ್ಷೆ ಮಾಡಿ ನೋಡೋಣ ಅನ್ನಿಸಿತು. ಎಲ್ಲ ಹಣ ಇಂಡೆಕ್ಸ್ ಫಂಡಿನಲ್ಲಿ ಇದೆ ಅಂದುಕೊಳ್ಳಿ, ಶಾರ್ಪ್ 0.43. ಅದರಲ್ಲಿ ಹತ್ತನೇ ಒಂದು ಪಾಲು ತೆಗೆದು ಫಾರ್ಮಾಗೆ ಹಾಕಿದರೆ? ರಿಟರ್ನ್ 12.3 ಆಗುತ್ತದೆ. ಡೀವಿಯೇಶನ್ 14 ಇದ್ದದ್ದು 13.8ಕ್ಕೆ ಇಳಿಯುತ್ತದೆ. ಜಾಸ್ತಿ ಕುಣಿಯುವ ಫಂಡ್ ಸೇರಿಸಿದ್ದಕ್ಕೆ ಒಟ್ಟು ಕುಣಿತ ಕಡಿಮೆ! ಎರಡೂ ಒಂದೇ ತಾಳಕ್ಕೆ ಕುಣಿಯುವುದಿಲ್ಲ ಅನ್ನುವುದೇ ಕಾರಣ. ಹೊಸ ಶಾರ್ಪ್ 6.3/13.8 = 0.46. ಅದೇ ಹತ್ತನೇ ಒಂದು ಪಾಲನ್ನು ಲಾರ್ಜ್ ಕ್ಯಾಪಿಗೆ ಹಾಕಿದರೆ 0.44 ಮಾತ್ರ. ಒಂಟಿಯಾಗಿ ನೋಡಿದಾಗ ಶಾರ್ಪಿನಲ್ಲಿ ಸೋತ ಫಂಡ್, ಜೊತೆಗೆ ಸೇರಿಸಿದಾಗ ಶಾರ್ಪನ್ನೇ ಹೆಚ್ಚು ಏರಿಸಿತು. ಟ್ರೇನರ್ ಹೇಳುತ್ತಿದ್ದದ್ದು ಇದನ್ನೇ. ಈ ಲೆಕ್ಕ ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಹಾಗಾಗಿ ಫಂಡ್ ಎಷ್ಟು ಚೆನ್ನಾಗಿದೆ ಅನ್ನುವ ಪ್ರಶ್ನೆಗೆ ಮೊದಲು ಜೇಬಿನಲ್ಲಿ ಇನ್ನೇನಿದೆ ಅಂತ ನೋಡಬೇಕು. ಆ ಫಂಡೇ ನಿಮ್ಮ ಬಹುಪಾಲು ಹಣವಾದರೆ ಶಾರ್ಪ್. ದೊಡ್ಡದೊಂದು, ಹರಡಿಕೊಂಡಿರುವ ಗಂಟಿನ ಪಕ್ಕದಲ್ಲಿ ಚಿಕ್ಕ ತುಂಡಾಗಿ ಸೇರುವುದಾದರೆ ಟ್ರೇನರ್.

ಇನ್ನು ನಾನು ಎಡವಿದ ಜಾಗಗಳು. ಮೊದಲ ಭಾನುವಾರ ನನ್ನ ಲಾರ್ಜ್ ಕ್ಯಾಪಿನ ಶಾರ್ಪ್ 1.73 ಬಂದಿತ್ತು. ಈಕ್ವಿಟಿ ಫಂಡಿಗೆ ಹಲವು ವರ್ಷಗಳ ಲೆಕ್ಕದಲ್ಲಿ ಅಷ್ಟು ಬಂದರೆ ಖುಷಿಪಡುವ ಮೊದಲು ಅನುಮಾನ ಪಡಬೇಕು. ರಿಟರ್ನ್ ವರ್ಷದ್ದು ಹಾಕಿ, ಡೀವಿಯೇಶನ್ ತಿಂಗಳದ್ದು, 4.04, ಹಾಗೇ ಬಿಟ್ಟಿದ್ದೆ. ತಿಂಗಳ ಡೀವಿಯೇಶನ್ನನ್ನು 12ರ ವರ್ಗಮೂಲದಿಂದ ಗುಣಿಸಿದರೆ 14 ಆಗುತ್ತದೆ.

ಎರಡನೆಯದು ಇನ್ನೂ ಮೋಸದ್ದು, ಯಾಕಂದರೆ ನೋಡಿದರೆ ಗೊತ್ತೇ ಆಗುವುದಿಲ್ಲ. ಫಾರ್ಮಾ ಫಂಡಿನ ಫ್ಯಾಕ್ಟ್‌ಶೀಟಿನಲ್ಲಿ ಬೀಟಾ 0.98 ಅಂತ ಇತ್ತು. ಫ್ಯಾಕ್ಟ್‌ಶೀಟಿನ ಬೀಟಾ ಸಾಮಾನ್ಯವಾಗಿ ಆ ಫಂಡಿನದೇ ಬೆಂಚ್‌ಮಾರ್ಕಿಗೆ ಹೋಲಿಸಿದ್ದು. ಫಾರ್ಮಾ ಫಂಡಿಗೆ ಫಾರ್ಮಾ ಇಂಡೆಕ್ಸೇ ಅಳತೆಗೋಲು. ಒಬ್ಬನ ಎತ್ತರವನ್ನು ಗೇಣಿನಲ್ಲಿ, ಇನ್ನೊಬ್ಬನದನ್ನು ಮೊಳದಲ್ಲಿ ಅಳೆದು ಯಾರು ಉದ್ದ ಅಂತ ಕೇಳಿದ ಹಾಗೆ. ಟ್ರೇನರ್ ಹೋಲಿಕೆಗೆ ಮೂರೂ ಫಂಡುಗಳ ಬೀಟಾ ಒಂದೇ ಇಂಡೆಕ್ಸಿಗೆ ಬೇಕು. ನಾನು ನಿಫ್ಟಿ 500ರ ಟಿಆರ್‌ಐ, ಅಂದರೆ ಡಿವಿಡೆಂಡ್ ಸೇರಿಸಿದ ಇಂಡೆಕ್ಸ್, ತಗೊಂಡೆ. 36 ತಿಂಗಳ ರಿಟರ್ನುಗಳನ್ನು ಎಕ್ಸೆಲ್‌ನಲ್ಲಿ ಹಾಕಿದೆ. B ಕಾಲಂನಲ್ಲಿ ಫಂಡ್, C ಕಾಲಂನಲ್ಲಿ ಇಂಡೆಕ್ಸ್:

```
=STDEV.S(B2:B37)*SQRT(12)
=SLOPE(B2:B37,C2:C37)
=RSQ(B2:B37,C2:C37)
```

ಮೊದಲ ಸಾಲು ಡೀವಿಯೇಶನ್, ಎರಡನೆಯದು ಬೀಟಾ, ಮೂರನೆಯದು ಆರ್-ಸ್ಕ್ವೇರ್. ಮೂರನೆಯದು ತೀರಾ ಕಡಿಮೆ ಬಂದರೆ ಬೀಟಾವನ್ನು ನಂಬಿ ಕೂರಬೇಡಿ. 36 ಚುಕ್ಕಿಗಳ ಮಧ್ಯೆ ಎಳೆದ ಗೆರೆ ಅದು, ಎರಡು ತಿಂಗಳು ಹಿಂದೆ ಮುಂದೆ ಆದರೆ ಗೆರೆಯೂ ವಾಲುತ್ತದೆ. ಟ್ರೇನರ್‌ನಲ್ಲಿ ಆ ಬೀಟಾವೇ ಕೆಳಗಿರುವುದರಿಂದ ಅದರ ತಪ್ಪು ನೇರವಾಗಿ ರ‍್ಯಾಂಕಿಗೆ ತಗಲುತ್ತದೆ.

ಶಾರ್ಪ್ ಕೈಕೊಡುವುದು ಕೆಟ್ಟ ವರ್ಷಗಳಲ್ಲಿ. ಎರಡು ಫಂಡ್ ತಲಾ 3% ಕೊಟ್ಟಿವೆ, ಟ್ರೆಷರಿ ಬಿಲ್ಲಿಗಿಂತ 3 ಕಡಿಮೆ. ಒಂದರ ಡೀವಿಯೇಶನ್ 10, ಇನ್ನೊಂದರದು 20. ಶಾರ್ಪ್ -0.30 ಮತ್ತು -0.15. ಅಷ್ಟೇ ದುಡ್ಡು ಕೊಟ್ಟು ದುಪ್ಪಟ್ಟು ಅಲುಗಾಡಿದ್ದು ಮೇಲೆ ಕೂತಿತು! ಮೈನಸ್ ಚಿಹ್ನೆ ಕಂಡರೆ ಆ ಪಟ್ಟಿಯನ್ನು ರ‍್ಯಾಂಕ್ ಅಂತ ಓದಬೇಡಿ.

ಈಗ ಭಾವನ ಕಥೆ. ಎರಡನೇ ಭಾನುವಾರ ಫೋನ್ ಮಾಡಿ, "ಭಾವ, ಮೂರರಲ್ಲಿ ಎಷ್ಟೆಷ್ಟು ಇದೆ?" ಅಂತ ಕೇಳಿದೆ. ಇದನ್ನು ಮೊದಲೇ ಕೇಳಬೇಕಿತ್ತು.

"ಫಾರ್ಮಾದಲ್ಲೇ ಮುಕ್ಕಾಲು ಹತ್ರ ಇದೆ. ಔಷಧಿ ಲೈನು ನಮಗೆ ಗೊತ್ತಿರೋದಲ್ವಾ?" ಅಂದರು.

ಲೆಕ್ಕ ಸುಲಭವಾಗಲಿ ಅಂತ ಹಣದ 70% ಫಾರ್ಮಾದಲ್ಲಿ, ಮಿಕ್ಕ 30% ಇಂಡೆಕ್ಸಿನಲ್ಲಿ ಅಂತ ಹಾಕಿ ನೋಡಿದೆ. ರಿಟರ್ನ್ 14.1, ಡೀವಿಯೇಶನ್ 19, ಶಾರ್ಪ್ 0.426. ಬರೀ ಇಂಡೆಕ್ಸ್ ಇಟ್ಟುಕೊಂಡಿದ್ದರೆ 0.429. 30% ಫಾರ್ಮಾ ಇದ್ದಿದ್ದರೆ 0.48 ಬರುತ್ತಿತ್ತು. ಫಂಡ್ ಅದೇ, ಬದಲಾದದ್ದು ಪಾಲು ಮಾತ್ರ.

ಇರುವುದನ್ನು ಮಾರಲು ಭಾವ ಒಪ್ಪಲಿಲ್ಲ. ವರ್ಷ ದಾಟಿದ ಈಕ್ವಿಟಿ ಲಾಭದಲ್ಲಿ 1.25 ಲಕ್ಷದ ಮೇಲಿನದಕ್ಕೆ 12.5% ತೆರಿಗೆ ಕಟ್ಟಬೇಕು, ಅದು ಅವರಿಗೆ ಹೊಟ್ಟೆ ಉರಿ. ಕೊನೆಗೆ ಫಾರ್ಮಾದ ಎಸ್‌ಐಪಿ ನಿಲ್ಲಿಸಿ ಆ ದುಡ್ಡನ್ನು ಫೀಸಿಗೆ ತಿರುಗಿಸಿದರು, ಉಳಿದ ಎರಡನ್ನು ಮುಂದುವರಿಸಿದರು. "ಹಾಗಂದ್ರೆ ಫಾರ್ಮಾ ಫಂಡ್ ಕೆಟ್ಟದ್ದಾ?" ಅಂತ ಈಗಲೂ ಕೇಳುತ್ತಾರೆ. ನನ್ನ ಹತ್ತಿರ ಆ ಫಂಡಿನಲ್ಲಿ ಹತ್ತನೇ ಒಂದು ಪಾಲು ಇದೆ ಅಂತ ಅವರಿಗೆ ಇನ್ನೂ ಹೇಳಿಲ್ಲ.