ಆರು ವರ್ಷದಿಂದ ನನ್ನ ಬ್ಲೌಸ್ ಹೊಲಿಯುತ್ತಿರುವ ಸರಸ್ವತಿಪುರಂ ಟೈಲರ್ ಅಣ್ಣನಿಗೆ ಥ್ಯಾಂಕ್ಸ್

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮನೆ ಹತ್ತಿರವೇ ಇವರ ಅಂಗಡಿ. ಒಂದೇ ಮೆಷಿನ್, ಒಂದು ಕಟಿಂಗ್ ಟೇಬಲ್. ನಾನು ಮೊದಲು ಹೋಗಿದ್ದು ಬೇರೆ ಕಡೆ ಕೆಟ್ಟುಹೋದ ಒಂದು ಬ್ಲೌಸ್ ಹಿಡಿದುಕೊಂಡು.

ತಮ್ಮನ ಮದುವೆಗೆ ಅಂತ ಹೊಲಿಸಿದ ಮೈಸೂರು ಸಿಲ್ಕ್ ಬ್ಲೌಸ್ ಅದು. ಕೈ ಎತ್ತಿದರೆ ಸಾಕು, ಬ್ಲೌಸೇ ಮೇಲಕ್ಕೆ ಬರುತ್ತಿತ್ತು. ಆರತಿ ತಟ್ಟೆ ಹಿಡಿಯೋದು ಹೇಗೆ ಅಂತ ಅಳು ಬಂದಿತ್ತು. ಬಿಗಿಯಾಗಿದೆ, ಸೈಡ್ ಬಿಚ್ಚಿಕೊಡಿ ಅಂದೆ. ಅಣ್ಣ ನನ್ನನ್ನು ಕೈ ಎತ್ತಿ ಇಳಿಸಲು ಹೇಳಿ ನೋಡಿದರು. “ಅಕ್ಕ, ಎದೆ ಸುತ್ತಳತೆ ಸರಿಯಾಗೇ ಇದೆ. ಕಂಕುಳ ಹತ್ತಿರ ತುಂಬಾ ಕೆಳಗೆ ಕಟ್ ಮಾಡಿದ್ದಾರೆ. ಸೈಡ್ ಬಿಚ್ಚಿದರೆ ಲೂಸ್ ಆಗುತ್ತೆ ಅಷ್ಟೇ, ಎಳೆಯೋದು ನಿಲ್ಲಲ್ಲ. ಉಳಿದ ಬಟ್ಟೆ ಇದೆಯಾ?” ಅಂದರು.

ಪುಣ್ಯಕ್ಕೆ ಅಂಗೈ ಅಗಲದ ಒಂದು ತುಂಡು ಮನೆಯಲ್ಲಿತ್ತು. ತೋಳಿನ ಕೆಳಗಿನ ಹೊಲಿಗೆ ಬಿಚ್ಚಿ, ಎರಡೂ ಕಡೆ ವಜ್ರದಾಕಾರದ ಚಿಕ್ಕ ತುಂಡು ಸೇರಿಸಿದರು. ರೇಷ್ಮೆಯಲ್ಲಿ ಸೂಜಿ ತೂತು ಉಳಿದುಬಿಡುತ್ತೆ ಅಂತ ಮೊದಲು ಕೈಯಲ್ಲೇ ಕಚ್ಚಾ ಹೊಲಿಗೆ ಹಾಕಿ ಟ್ರಯಲ್ ಕೊಟ್ಟರು. ಆಮೇಲೆ ಮೆಷಿನ್ ಹೊಲಿಗೆ. ಕೈ ಇಳಿಸಿದರೆ ತೇಪೆ ಕಾಣೋದೇ ಇಲ್ಲ. ಮದುವೆಯ ಎರಡು ದಿನವೂ ಆರಾಮಾಗಿ ಓಡಾಡಿದೆ. ಅವತ್ತಿನ ಸಮಾಧಾನ ನನಗಿನ್ನೂ ನೆನಪಿದೆ.

ಆಮೇಲಿಂದ ಎಲ್ಲಾ ಬ್ಲೌಸೂ ಇವರ ಹತ್ತಿರವೇ. ಕಾಟನ್ ಲೈನಿಂಗನ್ನು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿ ಹಾಕುತ್ತಾರೆ. ಹಾಗೆ ಮಾಡದಿದ್ದರೆ ಮೊದಲ ಒಗೆತಕ್ಕೇ ಲೈನಿಂಗ್ ಕುಗ್ಗಿ, ಮೇಲಿನ ಬಟ್ಟೆ ಹೊಲಿಗೆ ಉದ್ದಕ್ಕೂ ಸುಕ್ಕಾಗುತ್ತೆ ಅಲ್ವಾ? ಇವರು ಹೊಲಿದ ಯಾವುದರಲ್ಲೂ ನನಗೆ ಹಾಗಾಗಿಲ್ಲ. ಸೈಡ್‌ಗಳಲ್ಲಿ ಒಳಗೆ ಒಂದೊಂದು ಇಂಚು ಬಟ್ಟೆ ಬಿಡುತ್ತಾರೆ. ಮಗಳು ಹುಟ್ಟಿದ ಮೇಲೆ ನಾನು ದಪ್ಪ ಆದೆ. ಹಳೆಯ ನಾಲ್ಕು ಬ್ಲೌಸನ್ನು ಬಿಚ್ಚಿ ಸರಿ ಮಾಡಿಕೊಟ್ಟರು. ಒಂದರಲ್ಲಿ ಮಾತ್ರ ಒಳಗಿದ್ದ ಬಟ್ಟೆಯ ಬಣ್ಣ ಗಾಢವಾಗಿ ಗೆರೆ ಕಾಣುತ್ತೆ. ಹಾಗಾಗುತ್ತೆ ಅಂತ ಬಿಚ್ಚೋ ಮೊದಲೇ ಹೇಳಿದ್ದರು.

ಲೈನಿಂಗ್ ಬ್ಲೌಸಿಗೆ ಈಗ 450 ರೂಪಾಯಿ ತಗೊಳ್ಳುತ್ತಾರೆ. ಹತ್ತು ದಿನ ಬೇಕು. ವರಮಹಾಲಕ್ಷ್ಮಿ, ದಸರಾ ಸಮಯದಲ್ಲಿ ಒಂದು ತಿಂಗಳು ಮುಂಚೆಯೇ ಕೊಡಿ. ಆಗಲ್ಲ ಅಂದರೆ ಆಗಲ್ಲ ಅಂತಲೇ ಹೇಳುತ್ತಾರೆ, ಸುಮ್ನೆ ಓಡಾಡಿಸಲ್ಲ. ಆರಿ ವರ್ಕ್ ಮಾಡಲ್ಲ.

ಹೋಗುವಾಗ ನಿಮಗೆ ಚೆನ್ನಾಗಿ ಕೂರುವ ಅಳತೆ ಬ್ಲೌಸ್ ತಗೊಂಡು ಹೋಗಿ. ಟ್ರಯಲ್‌ನಲ್ಲಿ ಕನ್ನಡಿ ಮುಂದೆ ಸುಮ್ನೆ ನಿಲ್ಲಬೇಡಿ, ಎರಡೂ ಕೈ ಮೇಲೆತ್ತಿ ನೋಡಿ. ಉಳಿದ ಬಟ್ಟೆಯನ್ನು ಕವರಿಗೆ ಹಾಕಿ ಅಣ್ಣ ವಾಪಸ್ ಕೊಡುತ್ತಾರೆ. ಅದನ್ನು ಬಿಸಾಡಬೇಡಿ, ಸೀರೆ ಜೊತೆಗೇ ಮಡಚಿಡಿ.